ಕೋಶಾಧಿಕಾರಿಯ ಐದು ನಿಮಿಷ: ಉಳಿಕೆ ಎಷ್ಟು, ಅದು ಯಾರ ಉಳಿಕೆ?

ಸಂಘದ ಮಹಾಸಭೆ ಎಂದರೆ ಸಿದ್ಧಕಟ್ಟೆ ಆಸುಪಾಸಿನಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮವೊಂದಿದೆ. ಪ್ರಾರ್ಥನೆ, ಸ್ವಾಗತ, ಕಾರ್ಯದರ್ಶಿಯ ವರದಿ, ಆ ಮೇಲೆ ಕೋಶಾಧಿಕಾರಿಯ ಲೆಕ್ಕಪತ್ರ, ಅದಾದ ಕೂಡಲೇ ಹೊಸ ಸಮಿತಿಯ ಆಯ್ಕೆ, ವಂದನಾರ್ಪಣೆ, ಚಾ ಮತ್ತು ಅವಲಕ್ಕಿ. ಯುವಕ ಮಂಡಲವಿರಲಿ, ಭಜನಾ ಮಂಡಳಿಯಿರಲಿ, ಯಕ್ಷಗಾನ ಕಲಾ ಸಂಘವಿರಲಿ, ಕ್ರಮ ಇದೇ. ಕಾರ್ಯದರ್ಶಿಯ ವರದಿಗೆ ಕಿವಿ ಕೊಡುವವರಿದ್ದಾರೆ, ತಮ್ಮ ಹೆಸರು ಬರುತ್ತದೋ ಇಲ್ಲವೋ ಎಂದು. ಸಮಿತಿಯ ಆಯ್ಕೆಗೆ ಕಣ್ಣು ಕೊಡುವವರಿದ್ದಾರೆ. ನಡುವೆ ಸಿಕ್ಕಿ ಬೀಳುವವನು ಕೋಶಾಧಿಕಾರಿ. ಅವನು ಎದ್ದು ನಿಂತಾಗಲೇ ಹಿಂದಿನ ಸಾಲಿನವರಿಗೆ ಬೀಡಿ ಸೇದುವ ನೆನಪಾಗುತ್ತದೆ.

ಆತ ಓದುವುದು ಪುಸ್ತಕದ ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ. ಪ್ರಶ್ನೆ ಬಂದರೆ ಬರುವುದು ತುಳುವಿನಲ್ಲಿ, ಅದೂ ಒಂದೇ: ಏತ್? ಎಷ್ಟು ಉಳಿಯಿತು ಮಾರಾಯ್ರೆ, ಅದನ್ನು ಹೇಳಿ ಮುಗಿಸಿ. ಆತ ಒಂದು ಅಂಕಿ ಹೇಳುತ್ತಾನೆ. ಕಳೆದ ವರ್ಷಕ್ಕಿಂತ ಜಾಸ್ತಿ ಇದ್ದರೆ ಚಪ್ಪಾಳೆ, ಕಡಿಮೆ ಇದ್ದರೆ ಗುಸುಗುಸು. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಲೆಕ್ಕ ಪಾಸು.

ಪೇಟೆಯ ವ್ಯಾಪಾರಸ್ಥರಿಗೆ ಒಂದು ಮಾತು ಕೇಳಬೇಕು. ಸಂಜೆ ಗಲ್ಲೆಯಲ್ಲಿ ಹತ್ತು ಸಾವಿರ ರೂಪಾಯಿ ಕಂಡಿತು ಎಂದು ಯಾವ ಅಂಗಡಿಯವನಾದರೂ ಹತ್ತು ಸಾವಿರ ಲಾಭ ಎಂದು ಬರೆದುಕೊಳ್ಳುತ್ತಾನೆಯೇ? ಮಂಗಳೂರಿನ ಸಖಿಗೆ ಕೊಡಬೇಕಾದ ಬಿಲ್ಲು ಎಷ್ಟು, ಉದ್ರಿ ಬರಬೇಕಾದದ್ದು ಎಷ್ಟು, ಯಾರೋ ಇಟ್ಟುಕೊಳ್ಳಿ ಎಂದು ಕೊಟ್ಟು ಹೋದ ಹಣ ಅದರಲ್ಲಿ ಸೇರಿದೆಯೋ ಎಂದು ನೋಡದೆ ಬಾಗಿಲು ಹಾಕುವವನ ಅಂಗಡಿ ವರ್ಷದೊಳಗೆ ಮುಚ್ಚುತ್ತದೆ. ಇಷ್ಟು ತಿಳಿದವರೇ ಸಂಘದ ಸಭೆಯಲ್ಲಿ ಕೂತು, ಗಲ್ಲೆಯ ಹಣವನ್ನೇ ಲಾಭ ಎಂದು ಕೇಳಿ ಚಪ್ಪಾಳೆ ತಟ್ಟುತ್ತಾರೆ. ಅದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಒಂದು ಸಂಘದ ಲೆಕ್ಕ

ಯಾವ ಸಂಘದ ಹೆಸರೂ ಬೇಡ. ನೂರ ಇಪ್ಪತ್ತು ಸದಸ್ಯರ ಒಂದು ಸಂಘ ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಂಕಿಗಳು ಲೆಕ್ಕ ತಿಳಿಯಲಿ ಎಂದು ಹಾಕಿದವು, ಯಾರ ಪುಸ್ತಕದಿಂದಲೂ ತೆಗೆದದ್ದಲ್ಲ. ವಾರ್ಷಿಕೋತ್ಸವಕ್ಕೆ ಒಂದು ರಾತ್ರಿ ಯಕ್ಷಗಾನ ಬಯಲಾಟ, ಮಕ್ಕಳ ಸ್ಪರ್ಧೆ, ಒಂದು ಸ್ಮರಣ ಸಂಚಿಕೆ, ಊಟ. ಜತೆಗೆ ಸಂಘಕ್ಕೊಂದು ಸ್ವಂತ ಮಂದಿರ ಕಟ್ಟುವ ಆಸೆ, ಅದಕ್ಕೆಂದು ಬೇರೆಯೇ ಸಂಗ್ರಹ.

ವರ್ಷದ ಸುರುವಿಗೆ ಬ್ಯಾಂಕಿನಲ್ಲೂ ಕೈಯಲ್ಲೂ ಸೇರಿ 20,000 ರೂಪಾಯಿ ಇತ್ತು. ವರ್ಷದಲ್ಲಿ ಸದಸ್ಯತನದಿಂದ 12,000, ಊರವರ ವಂತಿಗೆ 1,46,000, ಸಂಚಿಕೆಯ ಜಾಹೀರಾತಿನಿಂದ 54,000, ಕಟ್ಟಡ ನಿಧಿಗೆಂದು ದಾನಿಗಳು ಕೊಟ್ಟದ್ದು 40,000, ಬ್ಯಾಂಕಿನ ಬಡ್ಡಿ 1,000. ಒಟ್ಟು ಬಂದದ್ದು 2,53,000. ಹಳೆಯ 20,000 ಸೇರಿದರೆ 2,73,000.

ಹೋದದ್ದು: ಮೇಳಕ್ಕೆ 75,000, ಶಾಮಿಯಾನ, ವೇದಿಕೆ, ಲೈಟು ಮತ್ತು ಮೈಕಿನವರಿಗೆ 62,000, ಊಟಕ್ಕೆ 48,000, ಸಂಚಿಕೆಯ ಅಚ್ಚಿಗೆ 30,000, ಬಹುಮಾನ ಮತ್ತು ಶಾಲು ಹಣ್ಣುಹಂಪಲಿಗೆ 11,000, ಇತರ 6,000. ಒಟ್ಟು 2,32,000. ಉಳಿದದ್ದು 41,000.

ಕೋಶಾಧಿಕಾರಿ ಎದ್ದು ನಿಂತು ಹೇಳುತ್ತಾನೆ: "ಕಳೆದ ವರ್ಷ ನಮ್ಮ ಉಳಿಕೆ 20,000 ಇತ್ತು, ಈ ವರ್ಷ 41,000 ಆಗಿದೆ. 21,000 ರೂಪಾಯಿ ಹೆಚ್ಚಾಗಿದೆ ಎಂದು ತಿಳಿಸಲು ಸಂತೋಷವಾಗುತ್ತದೆ." ಚಪ್ಪಾಳೆ ಬೀಳುತ್ತದೆ. ಅವನು ಹೇಳಿದ್ದರಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಪಾಸು ಪುಸ್ತಕ, ನಗದು ಪುಸ್ತಕ ಎಲ್ಲ ತಾಳೆಯಾಗುತ್ತವೆ. ಆದರೂ ಆ ಸಂಘ ಆ ವರ್ಷ 28,000 ರೂಪಾಯಿ ಕಳೆದುಕೊಂಡಿದೆ.

ಹೇಗೆಂದರೆ, ಮೊದಲು ಆ 41,000ವನ್ನು ಬಿಡಿಸಿ ನೋಡಬೇಕು. ಅದರಲ್ಲಿ 40,000 ಕಟ್ಟಡ ನಿಧಿಯದು. ಕೊಟ್ಟವರು ಕೆಂಪುಕಲ್ಲಿಗೆ, ಮಾಡಿಗೆ ಎಂದು ಕೊಟ್ಟದ್ದು. ಆಟಕ್ಕೋ ಊಟಕ್ಕೋ ಕೊಟ್ಟದ್ದಲ್ಲ. ಅದು ಸಂಘದ ಕೈಯಲ್ಲಿ ಇದೆ ಅಷ್ಟೇ, ಸಂಘದ ಖರ್ಚಿನ ಹಣವಲ್ಲ. ಅದನ್ನು ಬದಿಗಿಟ್ಟರೆ ಸಾಮಾನ್ಯ ಲೆಕ್ಕದಲ್ಲಿ ಉಳಿದದ್ದು ಬರೇ 1,000.

ಇನ್ನು ಶಾಮಿಯಾನದವರ ಬಿಲ್ಲು ಪೂರ್ತಿ ಚುಕ್ತಾ ಆಗಿಲ್ಲ. ಒಟ್ಟು ಬಿಲ್ಲು 86,000, ಕೊಟ್ಟದ್ದು 62,000, ಬಾಕಿ 24,000. ಪಾಪ, ಆ ಜನ ನಮ್ಮೂರಿನವರೇ, ಮಾರ್ಚಿನ ಒಳಗೆ ಕೊಡಿ ಎಂದು ಕುತ್ತಿಗೆ ಹಿಡಿಯಲಿಲ್ಲ. ಹಣ ಕೊಡದ ಕಾರಣ ಅದು ನಗದು ಪುಸ್ತಕದಲ್ಲಿ ಇಲ್ಲ. ನಗದು ಪುಸ್ತಕದಲ್ಲಿ ಇಲ್ಲದ ಕಾರಣ ಕೋಶಾಧಿಕಾರಿಯ ಭಾಷಣದಲ್ಲೂ ಇಲ್ಲ. ಆದರೆ ಶಾಮಿಯಾನ ಹಾಕಿದ್ದು ಈ ವರ್ಷ, ನೆರಳಿನಲ್ಲಿ ಕೂತದ್ದು ಈ ವರ್ಷ. ಖರ್ಚೂ ಈ ವರ್ಷದ್ದೇ.

ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಸಂಚಿಕೆಯಲ್ಲಿ ಜಾಹೀರಾತು ಅಚ್ಚಾಗಿ ಹಣ ಬಾರದೆ ಉಳಿದದ್ದು 15,000 ಇದೆ. ಅದೂ ಈ ವರ್ಷದ್ದೇ ಆದಾಯ, ಬರುವುದು ತಡವಾಗಿದೆ ಅಷ್ಟೇ.

ಈಗ ವರ್ಷದ ಲೆಕ್ಕ ಸರಿಯಾಗಿ ನೋಡಿ. ಕಟ್ಟಡ ನಿಧಿ ಬಿಟ್ಟು, ಬಾರದ ಜಾಹೀರಾತು ಸೇರಿಸಿ, ಆದಾಯ 2,28,000. ಶಾಮಿಯಾನದ ಬಾಕಿ ಸೇರಿಸಿ ವೆಚ್ಚ 2,56,000. ಕೊರತೆ 28,000. ಸುರುವಿಗೆ 20,000 ಇದ್ದ ಸಾಮಾನ್ಯ ಲೆಕ್ಕ ಈಗ ಎಲ್ಲ ಬಾಕಿ ಬಂದು, ಎಲ್ಲ ಬಾಕಿ ಕೊಟ್ಟ ಮೇಲೂ 8,000 ರೂಪಾಯಿ ಸಾಲದಲ್ಲಿ ನಿಲ್ಲುತ್ತದೆ. ಜಾಹೀರಾತಿನ ಹಣ ಬಾರದೇ ಹೋದರೆ 23,000.

ಸಭೆ ಮುಗಿದ ಮರುತಿಂಗಳು ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಶಾಮಿಯಾನದವರು ಬರುತ್ತಾರೆ, ಚೆಕ್ಕು ಬರೆಯಲಾಗುತ್ತದೆ, ಖಾತೆಯಲ್ಲಿ ಹಣ ಇದೆಯಲ್ಲ! ಕೆಂಪುಕಲ್ಲಿಗೆಂದು ಕೊಟ್ಟ ಹಣ ಶಾಮಿಯಾನದ ಬಟ್ಟೆಗೆ ಹೋಗುತ್ತದೆ. ಯಾರೂ ಕದಿಯಲಿಲ್ಲ, ಯಾರೂ ತಿನ್ನಲಿಲ್ಲ. ಮೂರು ವರ್ಷ ಹೀಗೆ ನಡೆದ ಮೇಲೆ, "ಮಂದಿರಕ್ಕೆಂದು ಕೊಟ್ಟೆವಲ್ಲ, ಎಲ್ಲಿ ಹೋಯಿತು?" ಎಂದು ಕೊಟ್ಟವರು ಕೇಳುವಾಗ ಉತ್ತರ ಕೊಡಲು ಯಾವ ಕೋಶಾಧಿಕಾರಿಗೂ ಸಾಧ್ಯವಿಲ್ಲ. ಆ ಹೊತ್ತಿಗೆ ಕೋಶಾಧಿಕಾರಿಯೂ ಬದಲಾಗಿರುತ್ತಾನೆ. ಅಲ್ಲಿಂದ ಕಳ್ಳ ಎಂಬ ಮಾತು ಸುರುವಾಗುತ್ತದೆ, ಒಂದು ಸಂಘ ಎರಡಾಗುತ್ತದೆ, ಒಂದೇ ಬೀದಿಯಲ್ಲಿ ಎರಡು ಚೌತಿಯ ಪೆಂಡಾಲು ಏಳುತ್ತದೆ.

ಎರಡು ಕಾಗದ, ಎರಡು ಕೆಲಸ

ಲೆಕ್ಕ ಬಲ್ಲವರು ಇದಕ್ಕೆ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ಬಂದ ಹಣ, ಹೋದ ಹಣ ತೋರಿಸುವುದು ಜಮಾ ಖರ್ಚಿನ ಪಟ್ಟಿ. ಆ ವರ್ಷಕ್ಕೆ ಸೇರಿದ ಆದಾಯ ಎಷ್ಟು, ವೆಚ್ಚ ಎಷ್ಟು ಎಂದು ಹೇಳುವುದು ಆದಾಯ ವೆಚ್ಚದ ಪಟ್ಟಿ. ಕೊಡಬೇಕಾದದ್ದು, ಬರಬೇಕಾದದ್ದು, ಬೇರೆ ಬೇರೆ ನಿಧಿ ಎಲ್ಲವನ್ನೂ ಒಂದು ದಿನಾಂಕಕ್ಕೆ ನಿಲ್ಲಿಸಿ ತೋರಿಸುವುದು ಆಸ್ತಿ ಜವಾಬ್ದಾರಿ ಪಟ್ಟಿ. ನಮ್ಮ ಹಳ್ಳಿಯ ಸೇವಾ ಸಹಕಾರಿ ಸಂಘದ ಮಹಾಸಭೆಯ ವರದಿ ಪುಸ್ತಕ ಕಂಡವರಿಗೆ ಇದು ಹೊಸತೇನೂ ಅಲ್ಲ. ಅಲ್ಲಿ ಪುಟ ಮಗುಚಿ ನೋಡುವವರು, ಕಲಾ ಸಂಘದ ಸಭೆಯಲ್ಲಿ ಮಾತ್ರ ಮೊದಲನೆಯ ಒಂದೇ ಪಟ್ಟಿಗೆ ತೃಪ್ತರಾಗುತ್ತಾರೆ.

ಕಾನೂನು ಕೂಡ ಅಷ್ಟಕ್ಕೆ ತೃಪ್ತವಾಗುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು. ಸಭೆ ಆದ ಹದಿನಾಲ್ಕು ದಿನದೊಳಗೆ ಆಡಳಿತ ಸಮಿತಿಯ ಪಟ್ಟಿಯ ಜತೆಗೆ ಪರಿಶೋಧನೆಯಾದ ಆದಾಯ ವೆಚ್ಚ ಪಟ್ಟಿಯನ್ನೂ ಆಸ್ತಿ ಜವಾಬ್ದಾರಿ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಒಪ್ಪಿಸಬೇಕು. ಹೆಚ್ಚಿನ ಕಡೆ ಆಗುವುದೇನು? ಪರಿಶೋಧಕರು ಎರಡೂ ಪಟ್ಟಿ ಮಾಡಿ ಕೊಡುತ್ತಾರೆ, ಅದು ಕವರಿನೊಳಗೆ ಮಂಗಳೂರಿಗೆ ಹೋಗುತ್ತದೆ; ಸದಸ್ಯರಿಗೆ ಓದಿ ಹೇಳುವುದು ಜಮಾ ಖರ್ಚು ಮಾತ್ರ. ಸಂಘದ ನಿಜಸ್ಥಿತಿ ಸರಕಾರದ ಕಪಾಟಿಗೆ ಗೊತ್ತು, ಹಣ ಕೊಟ್ಟವನಿಗೆ ಗೊತ್ತಿಲ್ಲ!

ಐದು ನಿಮಿಷದಲ್ಲಿ ಹೇಳಬಹುದೇ?

ಎಲ್ಲ ಹೇಳಲು ಹೊರಟರೆ ರಾತ್ರಿಯಾಗುತ್ತದೆ, ಮೂಡಬಿದಿರೆ ಕಡೆಯ ಕೊನೆಯ ಬಸ್ಸು ತಪ್ಪುತ್ತದೆ ಎನ್ನುವವರಿದ್ದಾರೆ. ತಪ್ಪುವುದಿಲ್ಲ. ಮೇಲಿನ ಸಂಘದ ಕೋಶಾಧಿಕಾರಿ ಹೀಗೆ ಹೇಳಿದ್ದರೆ ಸಾಕಿತ್ತು:

"ಅಧ್ಯಕ್ಷರೇ, ಹಿರಿಯರೇ, ಸದಸ್ಯ ಬಂಧುಗಳೇ. ಪಟ್ಟಿ ನಿಮ್ಮ ಕೈಯಲ್ಲಿದೆ, ಹಾಗಾಗಿ ಎಲ್ಲ ಸಾಲು ಓದುವುದಿಲ್ಲ. ಮಾರ್ಚ್ 31ಕ್ಕೆ ನಮ್ಮ ಕೈಯಲ್ಲೂ ಬ್ಯಾಂಕಿನಲ್ಲೂ ಇದ್ದದ್ದು 41,000. ಅದರಲ್ಲಿ 40,000 ಕಟ್ಟಡ ನಿಧಿಯದು, ಅದನ್ನು ಮುಟ್ಟುವ ಹಾಗಿಲ್ಲ. ಶಾಮಿಯಾನದವರಿಗೆ 24,000 ಕೊಡಲಿಕ್ಕಿದೆ. ಜಾಹೀರಾತಿನದು 15,000 ಬರಲಿಕ್ಕಿದೆ. ಎಲ್ಲ ಕೂಡಿ ಕಳೆದರೆ ಈ ವರ್ಷ ನಮಗೆ 28,000 ಕೊರತೆ. ಕಾರಣ ಎರಡು. ಊಟಕ್ಕೆ ಅಂದಾಜು ಮಾಡಿದ್ದಕ್ಕಿಂತ ಜನ ಹೆಚ್ಚು ಬಂದರು. ಮಳೆ ಬರುವ ಹಾಗಾಯಿತೆಂದು ಕೊನೆಯ ದಿನ ಶಾಮಿಯಾನ ದೊಡ್ಡದು ಮಾಡಿಸಿದೆವು, ಅದಕ್ಕೆ ಸಮಿತಿಯ ನಿರ್ಣಯ ಪುಸ್ತಕದಲ್ಲಿದೆ. ಈ ಕೊರತೆ ಹೇಗೆ ತುಂಬುವುದೆಂದು ಸಭೆ ತೀರ್ಮಾನಿಸಬೇಕು. ಬಿಲ್ಲು, ರಶೀದಿ ಎಲ್ಲ ಈ ಮೇಜಿನ ಮೇಲಿದೆ, ಯಾರೂ ನೋಡಬಹುದು."

ಗಡಿಯಾರ ಹಿಡಿದು ನೋಡಿ, ಎರಡು ನಿಮಿಷ ಆಗುವುದಿಲ್ಲ. ಚಪ್ಪಾಳೆ ಬೀಳಲಿಕ್ಕಿಲ್ಲ, ಅದು ಬೇರೆ ಮಾತು. ಉಳಿದ ಮೂರು ನಿಮಿಷ ಪ್ರಶ್ನೆಗೆ.

ಪ್ರಶ್ನೆ ಕೇಳುವುದೆಂದರೆ ಇತರ ಖರ್ಚು 6,000 ಎಂದರೇನು ಎಂದು ಜಗಳ ತೆಗೆಯುವುದಲ್ಲ. ಸಾಮಾನ್ಯವಾಗಿ ಸಭೆಯಲ್ಲಿ ಏಳುವ ಗಲಾಟೆಯೆಲ್ಲ ಈ ಇತರದ ಮೇಲೆಯೇ, ಚಾದ ಲೆಕ್ಕ, ರಿಕ್ಷಾದ ಲೆಕ್ಕ. ದೊಡ್ಡ ತೂತು ಇರುವುದು ಬೇರೆ ಕಡೆ, ಬರುವ ದಾರಿಯಲ್ಲಿ.

ರಶೀದಿ ಪುಸ್ತಕದ ಲೆಕ್ಕ

ವಂತಿಗೆಗೆ ಐದು ರಶೀದಿ ಪುಸ್ತಕ ಅಚ್ಚು ಹಾಕಿಸಿದ್ದಾರೆ, ಒಂದೊಂದರಲ್ಲಿ 50 ಹಾಳೆ ಎಂದು ಇಟ್ಟುಕೊಳ್ಳಿ. ಒಂದರಿಂದ 250ರ ತನಕ ನಂಬ್ರ. ಒಂದು ಪುಸ್ತಕ ರಾಯಿ ಕಡೆಗೆ ಹೋದವರ ಕೈಯಲ್ಲಿ, ಒಂದು ವೇಣೂರು ದಾರಿಯವರ ಕೈಯಲ್ಲಿ, ಒಂದು ಪೇಟೆಯಲ್ಲಿ, ಹೀಗೆ. ಕಾರ್ಯಕ್ರಮ ಮುಗಿದ ಮೇಲೆ ನಾಲ್ಕು ಪುಸ್ತಕ ವಾಪಸು ಬರುತ್ತದೆ, ಐದನೆಯದು ಬರುವುದಿಲ್ಲ. "ಅದರಲ್ಲಿ ಹೆಚ್ಚೇನೂ ಆಗಿಲ್ಲ, ಹಣ ಕೊಟ್ಟಿದ್ದೇನಲ್ಲ" ಎನ್ನುತ್ತಾರೆ ಹೋದವರು. ಅವರು ಪ್ರಾಮಾಣಿಕರೇ ಇರಬಹುದು. ಆದರೆ ಅಡಿಪ್ರತಿ ಇಲ್ಲದೆ ಅವರು ಪ್ರಾಮಾಣಿಕರೆಂದು ತೋರಿಸುವ ದಾರಿ ಅವರಿಗೂ ಇಲ್ಲ. ಹಾಗೆ ಉಳಿದ ಖಾಲಿ ಹಾಳೆಗಳು ಮುಂದಿನ ವರ್ಷ ಯಾರ ಕೈಯಲ್ಲಿ ಹರಿಯುತ್ತವೆ ಎಂದು ಹೇಳುವವರೂ ಇಲ್ಲ.

ಇದನ್ನು ತಿಳಿಯಲು ಸದಸ್ಯರು ಕೇಳಬೇಕಾದದ್ದು ಇಷ್ಟೇ: ಎಷ್ಟು ಪುಸ್ತಕ ಅಚ್ಚಾಯಿತು, ಎಷ್ಟು ಹಿಂದೆ ಬಂತು, ಕೊನೆಯ ರಶೀದಿಯ ನಂಬ್ರ ಎಷ್ಟು, ರದ್ದು ಮಾಡಿದ ರಶೀದಿಯ ಎರಡೂ ಪ್ರತಿ ಪುಸ್ತಕದಲ್ಲೇ ಇದೆಯೋ. ಅಚ್ಚಿನವರ ಬಿಲ್ಲಿನಲ್ಲಿ ಐದು ಪುಸ್ತಕ ಎಂದಿದ್ದು ಮೇಜಿನ ಮೇಲೆ ನಾಲ್ಕು ಇದ್ದರೆ, ಅಲ್ಲಿಯೇ ಉತ್ತರ ಸಿಕ್ಕಿತು.

ರಶೀದಿಗೇ ಬಾರದ ಇನ್ನೊಂದು ಬಾಬ್ತು ಹೊರೆಕಾಣಿಕೆ. ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಮನೆಮನೆಯಿಂದ ಬರುತ್ತದೆ. ಅಡುಗೆಗೆ ಹೋದದ್ದು ಹೋಯಿತು, ಉಳಿದದ್ದನ್ನು ಏಲಂ ಹಾಕುತ್ತಾರೆ. ಏಲಮಿನ ಹಣ ರಶೀದಿಗೆ ಬರುವುದೇ ಇಲ್ಲ, ಬಡಿಸಿದ ಹುಡುಗರ ಚಾಕ್ಕೆ, ಸಾಮಾನು ಸಾಗಿಸಿದ ಜೀಪಿಗೆ ಎಂದು ಅಲ್ಲಿಂದಲ್ಲಿಗೆ ಮುಗಿಯುತ್ತದೆ. ಆ ಖರ್ಚು ನ್ಯಾಯದ್ದೇ ಇದ್ದೀತು. ಆದರೂ ಏಲಮಿನ ಹಣ ಮೊದಲು ಜಮೆಯಾಗಿ, ಜೀಪಿನ ಬಾಡಿಗೆ ಆ ಮೇಲೆ ಖರ್ಚಾಗಿ, ಎರಡೂ ಪುಸ್ತಕದಲ್ಲಿ ಕಾಣಬೇಕು. ಹಾಗೆ ಕಾಣದೆ ಹೋದರೆ ಊಟಕ್ಕೆ ನಿಜವಾಗಿ ಎಷ್ಟು ಬಿತ್ತು ಎಂಬುದು ಮುಂದಿನ ವರ್ಷದ ಅಂದಾಜು ಮಾಡುವವನಿಗೆ ಎಂದಿಗೂ ಗೊತ್ತಾಗುವುದಿಲ್ಲ.

ಈಗಿನ ಕಾಲಕ್ಕೆ ಹೊಸತಾಗಿ ಸೇರಿದ್ದು ಮೊಬೈಲಿನ ಹಣ. ಪೆಂಡಾಲಿನ ಬಾಗಿಲಲ್ಲಿ ಕ್ಯೂಆರ್ ಚೀಟಿ ಅಂಟಿಸಿರುತ್ತಾರೆ. ಅದು ಯಾರ ಹೆಸರಿನದು ಎಂದು ಹಣ ಕಳುಹಿಸುವಾಗ ಪರದೆಯ ಮೇಲೆ ಕಾಣುತ್ತದೆ. ಸಂಘದ ಹೆಸರು ಕಂಡರೆ ಸರಿ. ಕೋಶಾಧಿಕಾರಿಯದೋ ಅವನ ಮಗನದೋ ಹೆಸರು ಕಂಡರೆ, ಆ ಹಣ ಸಂಘದ ಪಾಸು ಪುಸ್ತಕಕ್ಕೆ ತಾನಾಗಿ ಬರುವುದಿಲ್ಲ. ಅವರ ಸ್ವಂತ ಖಾತೆಯಲ್ಲಿ ಹಾಲಿನ ಹಣ, ಅಡಿಕೆಯ ಹಣ, ಸಂಘದ ವಂತಿಗೆ ಎಲ್ಲ ಕಲಸಿಹೋಗುತ್ತದೆ. ಆ ಮೇಲೆ ಬಿಡಿಸಿ ಕೊಡಲು ಹೋದರೆ ಒಳ್ಳೆಯವನಿಗೂ ತಲೆ ತಿರುಗುತ್ತದೆ. ಸಂಘದ ಹೆಸರಿನಲ್ಲಿ ಖಾತೆ, ಹಣ ತೆಗೆಯಲು ಇಬ್ಬರ ರುಜು, ಚೀಟಿಯೂ ಅದೇ ಖಾತೆಯದು: ಇದಕ್ಕೆ ಬೇರೆ ಮದ್ದಿಲ್ಲ.

ಪಾಸು ಪುಸ್ತಕವನ್ನೇ ತಂದು ತೋರಿಸುತ್ತೇನೆ ಎನ್ನುವ ಕೋಶಾಧಿಕಾರಿಯೂ ಪೂರ್ತಿ ಉತ್ತರ ಕೊಟ್ಟ ಹಾಗಲ್ಲ. ಅಚ್ಚಿನವರಿಗೆ ಮಾರ್ಚ್ 28ಕ್ಕೆ 6,000ದ ಚೆಕ್ಕು ಬರೆದು, ಅವರು ಅದನ್ನು ಏಪ್ರಿಲಿನಲ್ಲಿ ಹಾಕಿದರೆ, ಮಾರ್ಚ್ 31ರ ಪಾಸು ಪುಸ್ತಕದಲ್ಲಿ ಹಣ 6,000 ಹೆಚ್ಚು ಕಾಣುತ್ತದೆ. ಆ ಹೆಚ್ಚು ಸಂಘದ್ದಲ್ಲ. ಎರಡೂ ಪುಸ್ತಕದ ನಡುವಿನ ವ್ಯತ್ಯಾಸಕ್ಕೆ ಇಂಥ ಚೆಕ್ಕು ಎಂದು ಒಂದು ಚೀಟಿ ಬರೆದಿಟ್ಟರೆ ಮುಗಿಯಿತು. ವ್ಯತ್ಯಾಸ ಇರುವುದು ತಪ್ಪಲ್ಲ, ಯಾಕೆಂದು ಹೇಳಲು ಬಾರದೆ ಇರುವುದು ತಪ್ಪು.

ಕೇಳಿದರೆ ಬೇಜಾರಾಗುತ್ತದೆಯೇ?

ಇಷ್ಟೆಲ್ಲ ಹೇಳುವಾಗ ಒಂದು ಆಕ್ಷೇಪ ಬಂದೇ ಬರುತ್ತದೆ. ಕೋಶಾಧಿಕಾರಿಗೆ ಸಂಬಳ ಇಲ್ಲ. ತನ್ನ ಅಂಗಡಿ, ತನ್ನ ತೋಟ ಬಿಟ್ಟು ಎರಡು ತಿಂಗಳು ಓಡಾಡಿದವನು. ಕೈಯಿಂದ ಹಾಕಿ ಕೆಲಸ ನಡೆಸಿದವನು. ಅವನನ್ನು ಸಭೆಯ ಎದುರು ನಿಲ್ಲಿಸಿ ರಶೀದಿ ನಂಬ್ರ ಕೇಳಿದರೆ ಮುಂದಿನ ವರ್ಷ ಆ ಕೆಲಸಕ್ಕೆ ಯಾರು ಬರುತ್ತಾರೆ?

ಮಾತು ನಿಜ. ಆದರೆ ಈ ಕೈಯಿಂದ ಹಾಕಿದೆ ಎಂಬುದೇ ದೊಡ್ಡ ಎಡವಟ್ಟಿನ ಜಾಗ. ಮೇಳದವರಿಗೆ ರಾತ್ರಿ ಕೊಡಲು ಹಣ ಕಡಿಮೆ ಬಿತ್ತು, ಕೋಶಾಧಿಕಾರಿ ತನ್ನ 10,000 ಕೊಟ್ಟ, ನಾಳೆ ವಂತಿಗೆ ಬಂದಾಗ ಅದರಿಂದ ಹಿಡಿದುಕೊಂಡ. ಪುಸ್ತಕದಲ್ಲಿ ಕೊಟ್ಟದ್ದೂ ಇಲ್ಲ, ಹಿಡಿದದ್ದೂ ಇಲ್ಲ. ಮೂರು ತಿಂಗಳ ನಂತರ ಲೆಕ್ಕಕ್ಕೆ ಕೂತರೆ ಹಣ ಹೊಂದುವುದಿಲ್ಲ, ಅವನಿಗೇ ನೆನಪಿಲ್ಲ. ಆಗ ಕೆಲವರು ಹಣ ಹೊಂದಿಸಲು ಇತರ ಖರ್ಚಿನ ಸಾಲನ್ನು ಹಿಗ್ಗಿಸುತ್ತಾರೆ, ಕೆಲವು ಪಾಪದವರು ತಮ್ಮ ಕಿಸೆಯಿಂದ ಮತ್ತೊಮ್ಮೆ ಹಾಕುತ್ತಾರೆ. ಎರಡೂ ಸುಳ್ಳು ಲೆಕ್ಕವೇ. ಆ ರಾತ್ರಿಯೇ ನಗದು ಪುಸ್ತಕದಲ್ಲಿ ಕೋಶಾಧಿಕಾರಿಯಿಂದ ಕೈಸಾಲ 10,000 ಎಂದು ಒಂದು ಸಾಲು ಬರೆದು, ಹಿಂದೆ ಪಡೆದ ದಿನ ಇನ್ನೊಂದು ಸಾಲು ಬರೆದಿದ್ದರೆ ಅವನ ಮಾನಕ್ಕೆ ಅದೇ ಕಾವಲು. ಪ್ರಶ್ನೆ ಕೇಳುವ ಸಭೆ ಇರುವ ಕಡೆ ಕೋಶಾಧಿಕಾರಿ ಬರೆದಿಡುತ್ತಾನೆ. ಕೇಳದ ಕಡೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಾನೆ.

ಕೇಳಿಯೂ ಉತ್ತರ ಬಾರದಿದ್ದರೆ ಬೀದಿ ಜಗಳದ ಅಗತ್ಯವಿಲ್ಲ. ಅದೇ ಅಧಿನಿಯಮದ 25ನೆಯ ಕಲಮಿನಲ್ಲಿ ಸದಸ್ಯರ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದವರು ಅರ್ಜಿ ಹಾಕಿದರೆ ನೋಂದಣಾಧಿಕಾರಿ ಸಂಘದ ಆಡಳಿತ, ಹಣಕಾಸಿನ ವಿಚಾರಣೆ ನಡೆಸಬೇಕು. ನೂರ ಇಪ್ಪತ್ತರಲ್ಲಿ ನಲ್ವತ್ತು ರುಜು. ಆದರೆ ಅದು ಕೊನೆಯ ಬಾಗಿಲು. ಅಲ್ಲಿಯ ತನಕ ಹೋದ ಸಂಘದಲ್ಲಿ ಮತ್ತೆ ಆಟ ಆಡಿಸುವ ಉತ್ಸಾಹ ಉಳಿಯುವುದು ಕಷ್ಟ.

ಅದಕ್ಕಿಂತ ಮೊದಲೇ, ಆ 28,000ದ ಕೊರತೆಯ ಸಂಘ ಸಭೆಯಲ್ಲಿಯೇ ಮಾಡಬಹುದಾದದ್ದು ಇದೆ. ಜಾಹೀರಾತಿನ 15,000 ವಸೂಲಿಗೆ ಇಬ್ಬರನ್ನು ಹೆಸರು ಹಿಡಿದು ನೇಮಿಸುವುದು. ಶಾಮಿಯಾನದವರಿಗೆ ಎರಡು ಕಂತಿನಲ್ಲಿ ಕೊಡುತ್ತೇವೆ ಎಂದು ಮಾತಾಡಿ ಒಪ್ಪಿಸುವುದು. ಏನೂ ಆಗದೆ ಕಟ್ಟಡ ನಿಧಿಯಿಂದ ತೆಗೆಯಲೇಬೇಕಾದರೆ, ಎಷ್ಟು ತೆಗೆಯುವುದು, ಯಾವ ತಿಂಗಳೊಳಗೆ ತುಂಬಿಸುವುದು ಎಂದು ನಿರ್ಣಯ ಬರೆದು, ನಿಧಿಗೆ ಕೊಟ್ಟ ದಾನಿಗಳಿಗೂ ತಿಳಿಸಿ, ಮುಂದಿನ ವರ್ಷದ ಪಟ್ಟಿಯಲ್ಲಿ ಕಟ್ಟಡ ನಿಧಿಗೆ ಸಾಮಾನ್ಯ ಲೆಕ್ಕದಿಂದ ಬಾಕಿ ಎಂದು ಒಂದು ಸಾಲು ತೋರಿಸುವುದು. ಕಟ್ಟಡ ನಿಧಿಗೆ ಬೇರೆಯೇ ಪಾಸು ಪುಸ್ತಕ ಮಾಡಿಸಿದರೆ ಇನ್ನೂ ಒಳ್ಳೆಯದು. ಒಂದು ಚೆಕ್ಕಿನಲ್ಲಿ ಗೊತ್ತಾಗದೆ ಜಾರುವ ಹಣ ಅಲ್ಲಿ ಎರಡು ರುಜು, ಒಂದು ನಿರ್ಣಯ ಕೇಳುತ್ತದೆ. ಮುಂದಿನ ಮಹಾಸಭೆಯಲ್ಲಿ ಯಾವ ಕೋಶಾಧಿಕಾರಿ ಎದ್ದು ನಿಂತರೂ ಮೊದಲು ಓದಬೇಕಾದದ್ದು ಆ ಬಾಕಿಯ ಸಾಲನ್ನೇ, ಅವಲಕ್ಕಿ ತಟ್ಟೆ ಹಂಚುವ ಮೊದಲು.